ಅಗಲದ ಕೋಷ್ಟಕಕ್ಕೆ ಅಡ್ಡ ಪುಟ

ಹಾಲು ಉತ್ಪಾದಕರ ಸಂಘವೊಂದರ ವಾರ್ಷಿಕ ವರದಿ ಎಂದುಕೊಳ್ಳಿ. ಸರ್ವ ಸದಸ್ಯರ ಸಭೆಗೆ ಮುಂಚೆ ಎಲ್ಲರ ಕೈಗೂ ತಲುಪಬೇಕು. ಅಧ್ಯಕ್ಷರ ಮಾತು, ಆಡಳಿತ ಮಂಡಳಿಯ ವರದಿ, ಜಮಾ-ಖರ್ಚು, ಬರುವ ವರ್ಷದ ಮುಂಗಡಪತ್ರ ಎಲ್ಲವೂ ವರ್ಡ್‌ನಲ್ಲಿ ಉದ್ದುದ್ದ ಪುಟಗಳ ಮೇಲೆ ನೀಟಾಗಿ ಕೂತಿವೆ. ನಡುವೆ ಒಂದು ಕೋಷ್ಟಕ ಬರುತ್ತದೆ: ಯಾವ ಸದಸ್ಯರು ಯಾವ ತಿಂಗಳು ಎಷ್ಟು ಲೀಟರ್ ಹಾಲು ಹಾಕಿದರು ಎಂಬ ಲೆಕ್ಕ. ಹೆಸರಿಗೊಂದು ಕಾಲಂ, ಏಪ್ರಿಲ್‌ನಿಂದ ಮಾರ್ಚ್‌ವರೆಗೆ ಹನ್ನೆರಡು, ಕೊನೆಗೆ ಒಟ್ಟು. ಹದಿನಾಲ್ಕು ಕಾಲಂ. ವರದಿಯಲ್ಲಿ ಸದಸ್ಯರು ಮೊದಲು ತಿರುವಿ ನೋಡುವುದೂ ಇದನ್ನೇ, ಟೈಪ್ ಮಾಡುವವರ ತಾಳ್ಮೆ ಕೆಡಿಸುವುದೂ ಇದೇ.

ಲೆಕ್ಕ ಹಾಕಿದರೆ ಏಕೆಂದು ತಿಳಿಯುತ್ತದೆ. ಎ4 ಹಾಳೆಯ ಅಗಲ 21 ಸೆಂಟಿಮೀಟರ್. ಎರಡು ಕಡೆ 2.54 ಸೆಂಟಿಮೀಟರ್ ಅಂಚು ಬಿಟ್ಟರೆ ಬರೆಯಲು ಉಳಿಯುವುದು 15.92. ಹೆಸರಿಗೆ ಮೂರೂವರೆ ಕೊಟ್ಟರೆ ಉಳಿದ ಹದಿಮೂರು ಕಾಲಂಗಳಿಗೆ ತಲಾ ಒಂದು ಸೆಂಟಿಮೀಟರ್ ಕೂಡ ಬರುವುದಿಲ್ಲ. ಆ ಒಂದರಲ್ಲೂ ವರ್ಡ್ ಪ್ರತಿ ಚೌಕದ ಎಡಕ್ಕೂ ಬಲಕ್ಕೂ 0.19 ಸೆಂಟಿಮೀಟರ್ ಖಾಲಿ ಜಾಗ ಇಟ್ಟುಕೊಳ್ಳುತ್ತದೆ. ಅಂಕಿಗೆ ದಕ್ಕುವುದು ಅರ್ಧ ಸೆಂಟಿಮೀಟರ್‌ಗಿಂತ ಸ್ವಲ್ಪ ಹೆಚ್ಚು. ಹನ್ನೊಂದು ಪಾಯಿಂಟ್ ಅಕ್ಷರದಲ್ಲಿ ಅಲ್ಲಿ ಎರಡು ಅಂಕಿ ಹಿಡಿಸಬಹುದು, ನಾಲ್ಕಲ್ಲ. 1,245 ಎಂಬ ಸಂಖ್ಯೆ ನಡುವೆ ಮುರಿದು ಎರಡು ಸಾಲಾಗುತ್ತದೆ. ಓದುವವನಿಗೆ ಅದು ಎರಡು ಬೇರೆ ಸಂಖ್ಯೆಗಳಂತೆ ಕಾಣುತ್ತದೆ.

ಆಗ ಎಲ್ಲರ ಕೈ ಹೋಗುವುದು ಅಕ್ಷರದ ಗಾತ್ರದ ಕಡೆಗೆ. ಹನ್ನೊಂದನ್ನು ಎಂಟು ಮಾಡು, ಎಂಟನ್ನು ಆರು ಮಾಡು. ಇಂಗ್ಲಿಷ್ ಅಕ್ಷರ ಆರು ಪಾಯಿಂಟ್‌ನಲ್ಲಿ ಹೇಗೋ ಓದಿಸಿಕೊಂಡೀತು. ಕನ್ನಡದ ಪಾಡು ಹಾಗಲ್ಲ. ನಮ್ಮ ಒತ್ತಕ್ಷರಗಳು ಮೂಲ ಅಕ್ಷರದ ಕೆಳಗೆ, ಅದಕ್ಕಿಂತ ಚಿಕ್ಕದಾಗಿ ಕೂರುತ್ತವೆ. ಮೇಲಿನದು ಆರು ಪಾಯಿಂಟ್‌ಗೆ ಇಳಿದರೆ ಕೆಳಗಿನದು ಕಪ್ಪು ಚುಕ್ಕೆಯಾಗುತ್ತದೆ. ಜೆರಾಕ್ಸ್ ಮಾಡಿಸಿದ ಮೇಲಂತೂ ‘ಲಕ್ಷ್ಮಮ್ಮ’ನ ಒತ್ತುಗಳು ಒಂದಕ್ಕೊಂದು ಅಂಟಿಕೊಂಡಿರುತ್ತವೆ. ಹಾಲು ಹಾಕಿದ ಲೆಕ್ಕ ನೋಡಲು ಅರವತ್ತು ದಾಟಿದ ಸದಸ್ಯರು ಮೊಮ್ಮಗನನ್ನು ಕರೆಯಬೇಕಾದರೆ ಅಂಥ ವರದಿ ಹಂಚಿ ಪ್ರಯೋಜನವೇನು?

ಹಾಳೆಯನ್ನು ಅಡ್ಡ ತಿರುಗಿಸಿದರೆ ಲೆಕ್ಕವೇ ಬೇರೆ. ಅಗಲ 29.7 ಸೆಂಟಿಮೀಟರ್, ಅಂಚು ಕಳೆದು 24.62. ಹೆಸರಿಗೆ ಅದೇ ಮೂರೂವರೆ ಕೊಟ್ಟರೂ ಪ್ರತಿ ಕಾಲಂಗೆ 1.62 ಬರುತ್ತದೆ. ಒಳಗಿನ ಖಾಲಿ ಜಾಗ ಕಳೆದರೆ ಒಂದೂಕಾಲು ಸೆಂಟಿಮೀಟರ್ ಹತ್ತಿರ. ಹನ್ನೊಂದು ಪಾಯಿಂಟ್‌ನಲ್ಲೇ 1,245 ಆರಾಮಾಗಿ ಕೂರುತ್ತದೆ, ಒಟ್ಟು ಕಾಲಂನ 14,820 ಕೂಡ. ಅಕ್ಷರವನ್ನು ಒಂದು ಪಾಯಿಂಟ್ ಕೂಡ ಇಳಿಸಬೇಕಿಲ್ಲ.

ತೊಂದರೆ ಎಂದರೆ, Layout ಟ್ಯಾಬ್‌ಗೆ ಹೋಗಿ Orientation ಒತ್ತಿ Landscape ಆರಿಸಿದ ಕೂಡಲೇ ಕೋಷ್ಟಕದ ಪುಟದ ಜೊತೆಗೆ ಅಧ್ಯಕ್ಷರ ಮಾತೂ ಜಮಾ-ಖರ್ಚೂ ಎಲ್ಲ ಅಡ್ಡ ಬೀಳುತ್ತವೆ. ಬಹಳ ಮಂದಿ ಇಲ್ಲಿಗೇ ಕೈಚೆಲ್ಲಿ, ಕೋಷ್ಟಕಕ್ಕೆ ಬೇರೆ ಫೈಲ್ ಮಾಡಿ, ಪ್ರಿಂಟ್ ತೆಗೆದು, ನಡುವೆ ಸೇರಿಸಿ ಪಿನ್ ಹೊಡೆಯುತ್ತಾರೆ. ಪುಟಸಂಖ್ಯೆಯನ್ನು ಪೆನ್ನಿನಲ್ಲಿ ಬರೆಯುತ್ತಾರೆ. ಒಂದೆರಡು ಪ್ರತಿಗೆ ಅದೂ ನಡೆಯುತ್ತದೆ. ಆದರೆ ಪರಿವಿಡಿ ಇರುವ, ಪಿಡಿಎಫ್ ಮಾಡಿ ಕಳಿಸಬೇಕಾದ ವರದಿಗೆ ನಡೆಯುವುದಿಲ್ಲ.

ಇಡೀ ಕಡತ ಅಡ್ಡ ಬೀಳುವುದಕ್ಕೆ ಕಾರಣವಿದೆ. ನಾವು ಪುಟಗಳನ್ನು ನೋಡುತ್ತೇವೆ, ವರ್ಡ್‌ಗೆ ಪುಟ ಎಂಬುದು ಗಟ್ಟಿ ವಸ್ತುವಲ್ಲ. ಮೇಲೆ ಎರಡು ಸಾಲು ಸೇರಿಸಿದರೆ ಏಳನೆಯ ಪುಟದಲ್ಲಿದ್ದದ್ದು ಎಂಟನೆಯದಕ್ಕೆ ಜಾರುತ್ತದೆ. ಹೀಗೆ ಜಾರುವ ವಸ್ತುವಿಗೆ ‘ನೀನು ಅಡ್ಡ ಇರು’ ಎಂದು ಹೇಳಿಡಲು ಆಗುವುದಿಲ್ಲ. ಅದಕ್ಕೇ ವರ್ಡ್ ಕಾಗದದ ಅಳತೆ, ದಿಕ್ಕು, ಅಂಚು, ಮೇಲಿನ ಕೆಳಗಿನ ಪಟ್ಟಿ ಇವನ್ನೆಲ್ಲ ಸೆಕ್ಷನ್ ಎಂಬ ಘಟಕಕ್ಕೆ ಕಟ್ಟಿಹಾಕಿದೆ. ಹೊಸ ಕಡತ ತೆರೆದಾಗ ಇರುವುದು ಒಂದೇ ಸೆಕ್ಷನ್, ಆದ್ದರಿಂದ ದಿಕ್ಕು ಬದಲಿಸಿದರೆ ಎಲ್ಲವೂ ಬದಲಾಗುತ್ತದೆ. ನಮಗೆ ಬೇಕಾದದ್ದು ಮೂರು ಸೆಕ್ಷನ್: ಕೋಷ್ಟಕಕ್ಕೆ ಮುಂಚಿನದು, ಕೋಷ್ಟಕದ್ದು, ಆಮೇಲಿನದು.

ಮಾಡುವ ಕ್ರಮ ಹೀಗೆ. ಕೋಷ್ಟಕಕ್ಕೆ ಒಂದು ತಲೆಬರಹ ಇರುತ್ತದಲ್ಲ, ‘ಸದಸ್ಯರ ತಿಂಗಳವಾರು ಹಾಲು ಪೂರೈಕೆ’ ಎಂದೋ ಏನೋ, ಅದರ ಮೊದಲ ಅಕ್ಷರದ ಎಡಕ್ಕೆ ಕರ್ಸರ್ ಇಡಿ. Layout ಟ್ಯಾಬ್‌ನಲ್ಲಿ Breaks ಒತ್ತಿ. ಇಳಿಯುವ ಪಟ್ಟಿಯಲ್ಲಿ ಎರಡು ಗುಂಪುಗಳಿವೆ. ಮೇಲಿನದು Page Breaks, ಕೆಳಗಿನದು Section Breaks. ಕೆಳಗಿನ ಗುಂಪಿನ Next Page ಆರಿಸಿ. ಮೇಲಿನ ಗುಂಪಿನ Page ಆರಿಸಿದರೂ ಪರದೆಯ ಮೇಲೆ ನೋಡಲು ಹಾಗೇ ಕಾಣುತ್ತದೆ, ತಲೆಬರಹ ಹೊಸ ಪುಟಕ್ಕೆ ಹೋಗುತ್ತದೆ; ಆದರೆ ಹೊಸ ಸೆಕ್ಷನ್ ಹುಟ್ಟಿರುವುದಿಲ್ಲ. ‘ಹೇಳಿದಂತೆಯೇ ಮಾಡಿದೆ, ಆದರೂ ಎಲ್ಲ ತಿರುಗಿತು’ ಎನ್ನುವವರಲ್ಲಿ ಹೆಚ್ಚಿನವರು ಎಡವಿದ್ದು ಇಲ್ಲೇ.

ಇನ್ನು ಕೋಷ್ಟಕ ಮುಗಿದ ಮೇಲೆ ಬರುವ ಪ್ಯಾರಾದ ಮೊದಲಿಗೆ ಕರ್ಸರ್ ಒಯ್ದು ಮತ್ತೊಮ್ಮೆ ಅದೇ Next Page ಹಾಕಿ. ಈಗ ಕೋಷ್ಟಕ ತನ್ನದೇ ಸೆಕ್ಷನ್‌ನಲ್ಲಿದೆ. ಅದರ ಯಾವುದಾದರೂ ಚೌಕದೊಳಗೆ ಕ್ಲಿಕ್ ಮಾಡಿ, Orientation ಒತ್ತಿ, Landscape ಆರಿಸಿ. ಕೋಷ್ಟಕದ ಪುಟಗಳು ಮಾತ್ರ ತಿರುಗುತ್ತವೆ. ಒಂದು ಸಣ್ಣ ಗೊಂದಲ ಇಲ್ಲಿ ಕಾದಿರುತ್ತದೆ: ಕೋಷ್ಟಕದೊಳಗೆ ಕ್ಲಿಕ್ ಮಾಡಿದ ಕೂಡಲೇ ಮೇಲಿನ ಸಾಲಿನ ಬಲತುದಿಯಲ್ಲಿ ಇನ್ನೊಂದು Layout ಟ್ಯಾಬ್ ಕಾಣಿಸಿಕೊಳ್ಳುತ್ತದೆ. ಅದು ಕೋಷ್ಟಕದ್ದು. ಪುಟದ ದಿಕ್ಕು ಇರುವುದು ಎಡಗಡೆಯ Layout ಒಳಗೆ. 2013 ಮತ್ತು ಅದಕ್ಕೂ ಹಳೆಯ ವರ್ಡ್‌ಗಳಲ್ಲಿ ಅದರ ಹೆಸರೇ Page Layout ಎಂದಿದ್ದುದರಿಂದ ಈ ಗೊಂದಲ ಇರಲಿಲ್ಲ. ಹೆಸರು ಮೊಟಕು ಮಾಡಿ ಏನು ಸಾಧಿಸಿದರೋ.

ಎರಡು ಬ್ರೇಕ್‌ಗಳನ್ನು ಕೈಯಾರೆ ಹಾಕದೆ ಒಂದೇ ಏಟಿಗೆ ಮುಗಿಸುವ ದಾರಿಯೂ ಇದೆ. ತಲೆಬರಹದಿಂದ ಕೋಷ್ಟಕದ ಕೆಳಗಿನ ಟಿಪ್ಪಣಿಯವರೆಗೆ ಎಲ್ಲವನ್ನೂ ಸೆಲೆಕ್ಟ್ ಮಾಡಿ, Page Setup ಗುಂಪಿನ ಬಲಮೂಲೆಯ ಪುಟ್ಟ ಬಾಣ ಒತ್ತಿದರೆ ಒಂದು ಚೌಕಟ್ಟು ತೆರೆಯುತ್ತದೆ. ಅದರಲ್ಲಿ Landscape ಆರಿಸಿ, ಕೆಳಗೆ Apply to ಎಂಬಲ್ಲಿ Selected text ಇಟ್ಟು OK ಕೊಟ್ಟರೆ ಹಿಂದೆ ಮುಂದೆ ಬ್ರೇಕ್‌ಗಳನ್ನು ವರ್ಡ್ ತಾನೇ ಹಾಕಿಕೊಳ್ಳುತ್ತದೆ. ವೇಗದ ದಾರಿ ನಿಜ. ಆದರೆ ಸೆಲೆಕ್ಟ್ ಮಾಡುವಾಗ ತಲೆಬರಹ ಬಿಟ್ಟುಹೋದರೆ ಅದು ಹಿಂದಿನ ಉದ್ದ ಪುಟದಲ್ಲೇ ಉಳಿಯುತ್ತದೆ. ಮುಂದಿನ ಪ್ಯಾರಾದ ಅರ್ಧ ಸಾಲು ಸೇರಿಕೊಂಡರೆ ವಾಕ್ಯ ಎರಡು ಪುಟಕ್ಕೆ ಸೀಳಿಹೋಗುತ್ತದೆ. ಮೊದಲ ಸಲ ಮಾಡುವವರಿಗೆ ಕೈಯಾರೆ ಹಾಕುವ ದಾರಿಯೇ ಒಳ್ಳೆಯದು. ಎಲ್ಲಿ ಏನಿದೆ ಎಂಬುದು ಗೊತ್ತಿರುತ್ತದೆ.

ಪುಟ ತಿರುಗಿತು, ಕೋಷ್ಟಕ ಮಾತ್ರ ಮೊದಲಿನಷ್ಟೇ ಅಗಲವಾಗಿ ಎಡಕ್ಕೆ ಮುದುಡಿಕೊಂಡು ಕೂತಿದೆ ಎಂದರೆ ಗಾಬರಿ ಬೇಡ. ಕಾಲಂಗಳ ಅಗಲ ಹಿಂದಿನ ಅಳತೆಗೆ ನಿಂತಿರುತ್ತದೆ. ಈಗ ಆ ಬಲಗಡೆಯ, ಕೋಷ್ಟಕದ Layout ಟ್ಯಾಬ್ ಕೆಲಸಕ್ಕೆ ಬರುತ್ತದೆ. ಅಲ್ಲಿ AutoFit ಒತ್ತಿ AutoFit Window ಆರಿಸಿದರೆ ಕೋಷ್ಟಕ ಅಂಚಿನಿಂದ ಅಂಚಿಗೆ ಹರಡಿಕೊಳ್ಳುತ್ತದೆ. ಆಮೇಲೆ ಹೆಸರಿನ ಕಾಲಂಗೆ 3.5 ಸೆಂಟಿಮೀಟರ್ ಕೊಟ್ಟು, ಉಳಿದ ಹದಿಮೂರನ್ನು ಸೆಲೆಕ್ಟ್ ಮಾಡಿ ಅದೇ ಟ್ಯಾಬ್‌ನ Width ಚೌಕದಲ್ಲಿ 1.62 ಎಂದು ಬರೆದುಬಿಡಿ. ಗೆರೆಗಳನ್ನು ಮೌಸ್‌ನಿಂದ ಒಂದೊಂದಾಗಿ ಎಳೆಯುತ್ತ ಕೂತರೆ ಸಂಜೆಯಾಗುತ್ತದೆ, ಆದರೂ ಸಮ ಬರುವುದಿಲ್ಲ.

ಅಂಕಿಗಳು ಕೂತವು. ತಿಂಗಳ ಹೆಸರುಗಳ ಕಥೆ ಬೇರೆ. ‘ಸೆಪ್ಟೆಂಬರ್’, ‘ಅಕ್ಟೋಬರ್’ ಒಂದೂಕಾಲು ಸೆಂಟಿಮೀಟರ್‌ಗೆ ಹಿಡಿಸುವ ಪದಗಳಲ್ಲ. ಜಾಗ ಸಾಲದಿದ್ದರೆ ವರ್ಡ್ ಪದವನ್ನು ಸಿಕ್ಕಲ್ಲಿ ಕತ್ತರಿಸಿ ಕೆಳಗಿನ ಸಾಲಿಗೆ ತಳ್ಳುತ್ತದೆ. ‘ಸೆಪ್ಟೆಂ’ ಮೇಲೆ, ‘ಬರ್’ ಕೆಳಗೆ. ಏಪ್ರಿ., ಸೆಪ್ಟೆಂ., ಅಕ್ಟೋ. ಎಂದು ಚುಟುಕಾಗಿ ಬರೆಯುವುದು ಸುಲಭ. ಪೂರ್ತಿ ಹೆಸರೇ ಬೇಕೆಂದರೆ ಶೀರ್ಷಿಕೆ ಸಾಲಿನ ಚೌಕಗಳನ್ನು ಸೆಲೆಕ್ಟ್ ಮಾಡಿ, ಕೋಷ್ಟಕದ Layout ಒಳಗಿನ Text Direction ಒತ್ತಿದರೆ ಅಕ್ಷರಗಳು ನಿಂತುಕೊಳ್ಳುತ್ತವೆ. ಒಮ್ಮೆ ಒತ್ತಿದರೆ ಒಂದು ದಿಕ್ಕು, ಮತ್ತೊಮ್ಮೆ ಒತ್ತಿದರೆ ಇನ್ನೊಂದು. ನೋಡಲು ಚುಟುಕು ಹೆಸರುಗಳೇ ಚೆಂದ. ನಿಂತ ಕನ್ನಡ ಅಕ್ಷರವನ್ನು ಕತ್ತು ವಾಲಿಸಿ ಓದುವುದು ಹನ್ನೆರಡು ಸಲ ಬೇಕಿಲ್ಲ.

ಅಡ್ಡ ಪುಟ ಅಗಲ ಕೊಡುತ್ತದೆ, ಎತ್ತರ ಕಸಿಯುತ್ತದೆ ಎಂಬುದು ನೆನಪಿರಲಿ. ಉದ್ದ ಪುಟದಲ್ಲಿ ಬರೆಯಲು ಸಿಗುತ್ತಿದ್ದ 24.62 ಸೆಂಟಿಮೀಟರ್ ಎತ್ತರ ಈಗ 15.92 ಆಗಿದೆ. ಒಂದು ಸಾಲಿಗೆ 0.65 ಸೆಂಟಿಮೀಟರ್ ಹಿಡಿದರೆ ಮೊದಲು ಮೂವತ್ತೇಳು ಸಾಲು ಬರುತ್ತಿದ್ದಲ್ಲಿ ಈಗ ಇಪ್ಪತ್ತನಾಲ್ಕು, ಶೀರ್ಷಿಕೆ ಕಳೆದು ಇಪ್ಪತ್ತೆರಡೋ ಇಪ್ಪತ್ಮೂರೋ. ಅರವತ್ತು ಸದಸ್ಯರಿರುವ ಸಂಘದ ಪಟ್ಟಿ ಮೂರು ಪುಟಕ್ಕೆ ಹರಿಯುತ್ತದೆ. ಎರಡನೆಯ ಪುಟಕ್ಕೆ ಬಂದವರಿಗೆ ಏಳನೆಯ ಕಾಲಂ ಯಾವ ತಿಂಗಳದು ಎಂದು ಹೇಗೆ ಗೊತ್ತಾಗಬೇಕು? ಮೊದಲ ಸಾಲಿನಲ್ಲಿ ಕ್ಲಿಕ್ ಮಾಡಿ ಕೋಷ್ಟಕದ Layout ಒಳಗೆ Repeat Header Rows ಒತ್ತಿದರೆ ತಿಂಗಳ ಹೆಸರುಗಳು ಪ್ರತಿ ಪುಟದ ತಲೆಗೂ ತಾವಾಗಿ ಬರುತ್ತವೆ. ಕೈಯಾರೆ ನಕಲು ಮಾಡಿ ಅಂಟಿಸಬೇಡಿ. ನಾಳೆ ಒಬ್ಬ ಹೊಸ ಸದಸ್ಯನ ಸಾಲು ಸೇರಿಸಿದರೆ ಅಂಟಿಸಿದ ತಲೆಸಾಲು ಪುಟದ ನಡುವೆ ಬಂದು ನಿಲ್ಲುತ್ತದೆ.

ಇನ್ನು ಪುಟಸಂಖ್ಯೆ. ಅಡ್ಡ ಪುಟ ಮಾಡಿದವರ ದೂರುಗಳಲ್ಲಿ ಇದರ ಪಾಲು ದೊಡ್ಡದು. ಉದ್ದ ಪುಟದಲ್ಲಿ ಬಲತುದಿಗೆ ಅಂಟಿಕೊಂಡಿದ್ದ ಪುಟಸಂಖ್ಯೆ ಅಡ್ಡ ಪುಟದಲ್ಲಿ ನಡುವೆಯೂ ಅಲ್ಲದ, ತುದಿಯಲ್ಲೂ ಅಲ್ಲದ ಒಂದು ಜಾಗದಲ್ಲಿ ನಿಂತಿರುತ್ತದೆ. ಸಂಖ್ಯೆಯನ್ನು ಬಲಕ್ಕೆ ತಳ್ಳಿರುವುದು ಒಂದು ಟ್ಯಾಬ್ ಗುರುತು. ಆ ಗುರುತು ಎಡ ಅಂಚಿನಿಂದ ಸುಮಾರು ಹದಿನಾರು ಸೆಂಟಿಮೀಟರ್‌ಗೆ ಎಂದು ನಿಂತುಬಿಟ್ಟಿದೆ. ಪುಟ ಇಪ್ಪತ್ತನಾಲ್ಕಕ್ಕೆ ಅಗಲವಾದದ್ದು ಅದಕ್ಕೆ ತಿಳಿಯದು.

ಸಾಮಾನ್ಯವಾಗಿ ಹೇಳಿಕೊಡುವ ಪರಿಹಾರ, ಸೆಕ್ಷನ್‌ಗಳ ನಂಟು ಬಿಡಿಸುವುದು. ಕೆಳಗಿನ ಪಟ್ಟಿಯ ಮೇಲೆ ಎರಡು ಸಲ ಕ್ಲಿಕ್ ಮಾಡಿದರೆ Header & Footer ಟ್ಯಾಬ್ ತೆರೆಯುತ್ತದೆ. ಅಲ್ಲಿ Link to Previous ಎಂಬ ಗುಂಡಿ ಒತ್ತಿದ ಸ್ಥಿತಿಯಲ್ಲೇ ಇರುತ್ತದೆ. ಅಂದರೆ ಪ್ರತಿ ಸೆಕ್ಷನ್ ಹಿಂದಿನದನ್ನೇ ನಕಲು ಮಾಡುತ್ತದೆ. ಎರಡನೆಯ ಸೆಕ್ಷನ್‌ನಲ್ಲಿ ಅದನ್ನು ಆರಿಸಿ ಟ್ಯಾಬ್ ಗುರುತನ್ನು ಬಲಕ್ಕೆ ಸರಿಸಿದರೆ ಅಡ್ಡ ಪುಟ ಸರಿಹೋಗುತ್ತದೆ, ಮೂರನೆಯದು ಕೆಡುತ್ತದೆ. ಅದು ಎರಡನೆಯದನ್ನು ನೋಡಿ ಬರೆಯುತ್ತಿದೆಯಲ್ಲ! ಹಾಗಾಗಿ ಏನನ್ನೂ ಮುಟ್ಟುವ ಮೊದಲು ಎರಡು ಮತ್ತು ಮೂರು, ಎರಡೂ ಸೆಕ್ಷನ್‌ಗಳ ನಂಟನ್ನು ಬಿಡಿಸಬೇಕು. ಮೇಲಿನ ಪಟ್ಟಿಯ ನಂಟು ಬೇರೆ, ಕೆಳಗಿನದು ಬೇರೆ. ಒಂದನ್ನು ಬಿಡಿಸಿದರೆ ಇನ್ನೊಂದು ಬಿಡುವುದಿಲ್ಲ. ಇಷ್ಟೆಲ್ಲ ಮಾಡಿದ ಮೇಲೆ ವರದಿಯ ವರ್ಷ ಬದಲಾದರೆ ಮೂರು ಕಡೆ ತಿದ್ದಬೇಕು. ಒಂದು ಕಡೆ ಮರೆತುಹೋಗುವುದು ಖಂಡಿತ.

ಇದಕ್ಕಿಂತ ಸರಳವಾದ ದಾರಿ ಆ ನಿಂತುಬಿಟ್ಟ ಟ್ಯಾಬ್ ಗುರುತನ್ನೇ ಬಿಡುವುದು. ಪುಟಸಂಖ್ಯೆಯ ಎಡಕ್ಕಿರುವ ಟ್ಯಾಬ್ ಅಳಿಸಿ, ಅದೇ Header & Footer ಟ್ಯಾಬ್‌ನ Position ಗುಂಪಿನಲ್ಲಿ Insert Alignment Tab ಒತ್ತಿ. ತೆರೆಯುವ ಚೌಕಟ್ಟಿನಲ್ಲಿ Right ಆರಿಸಿ, ಅದು ಅಂಚಿಗೆ ಹೊಂದಿಕೊಳ್ಳಲಿ ಎಂದು Margin ಇಟ್ಟು OK ಕೊಡಿ. ಈ ಟ್ಯಾಬ್ ಸೆಂಟಿಮೀಟರ್ ಎಣಿಸುವುದಿಲ್ಲ, ಪುಟದ ಬಲ ಅಂಚು ಎಲ್ಲಿದೆಯೋ ಅಲ್ಲಿಗೆ ಹೋಗಿ ನಿಲ್ಲುತ್ತದೆ. ಉದ್ದ ಪುಟವಾದರೂ ಸರಿ, ಅಡ್ಡವಾದರೂ ಸರಿ. ಮೂರು ಸೆಕ್ಷನ್‌ಗಳೂ ಒಂದೇ ಪಟ್ಟಿಯನ್ನು ಹಂಚಿಕೊಳ್ಳಬಹುದು, ನಂಟು ಬಿಡಿಸುವ ಗೋಜೇ ಇಲ್ಲ. ಸಂಖ್ಯೆ ನಡುವೆ ಇದ್ದರೆ ಸಾಕು ಎನ್ನುವವರು ಇಷ್ಟೂ ಮಾಡಬೇಕಿಲ್ಲ. ಟ್ಯಾಬ್‌ಗಳನ್ನೆಲ್ಲ ಅಳಿಸಿ Ctrl+E ಒತ್ತಿದರೆ ಎಲ್ಲ ಪುಟದಲ್ಲೂ ನಡುವೆಯೇ ಇರುತ್ತದೆ. ಕೋಷ್ಟಕದ ನಂತರ ಸಂಖ್ಯೆ ಮತ್ತೆ 1ರಿಂದ ಶುರುವಾಗಿದ್ದರೆ, ಅಲ್ಲೇ Page Number ಒಳಗಿನ Format Page Numbers ತೆರೆದು Continue from previous section ಆರಿಸಿ.

ಅಂಚಿನ ವಿಷಯದಲ್ಲಿ ಒಂದು ಮಾತು, ವಿಶೇಷವಾಗಿ ಪ್ರಬಂಧ ಬರೆಯುವ ಸಂಶೋಧನಾ ವಿದ್ಯಾರ್ಥಿಗಳಿಗೆ. ಬೈಂಡಿಂಗ್‌ಗೆಂದು ಎಡಕ್ಕೆ ಹೆಚ್ಚು ಅಂಚು, ಹೆಚ್ಚುಕಡಿಮೆ ನಾಲ್ಕು ಸೆಂಟಿಮೀಟರ್, ಬಿಟ್ಟಿರುತ್ತೀರಿ. ಪುಟ ಅಡ್ಡ ಮಾಡಿದಾಗ ವರ್ಡ್ ಅಂಚುಗಳನ್ನೂ ಜೊತೆಗೆ ತಿರುಗಿಸುತ್ತದೆ, ಆ ನಾಲ್ಕು ಸೆಂಟಿಮೀಟರ್ ಸಾಮಾನ್ಯವಾಗಿ ಮೇಲಕ್ಕೆ ಹೋಗುತ್ತದೆ. ಪರದೆಯಲ್ಲಿ ನೋಡಿದರೆ ಏನೋ ಕೆಟ್ಟಂತೆ ಕಾಣುತ್ತದೆ. ಕೆಟ್ಟಿಲ್ಲ. ಒಂದು ಹಾಳೆ ಕೈಗೆತ್ತಿಕೊಂಡು ನೋಡಿ: ಬೈಂಡ್ ಮಾಡುವಾಗ ಅಡ್ಡ ಪುಟ ಉಳಿದ ಪುಟಗಳ ಜೊತೆ ಉದ್ದಕ್ಕೇ ಜೋಡಣೆಯಾಗುತ್ತದೆ, ಕೋಷ್ಟಕದ ಮೇಲ್ಭಾಗ ಹೊಲಿಗೆಯ ಕಡೆ ಬರುತ್ತದೆ. ಓದುವವರು ಪುಸ್ತಕವನ್ನು ಬಲಕ್ಕೆ ತಿರುಗಿಸಿದರೆ ಕೋಷ್ಟಕ ನೆಟ್ಟಗಾಗುತ್ತದೆ. ಹಾಗಾಗಿ ಹೊಲಿಗೆಗೆ ಬೇಕಾದ ಜಾಗ ಮೇಲೆಯೇ ಇರಬೇಕು. ಅದನ್ನು ‘ಸರಿಪಡಿಸಿ’ ಎಡಕ್ಕೆ ತಂದವರ ಕೋಷ್ಟಕದ ತಲೆಬರಹ ಬೈಂಡಿಂಗ್ ಒಳಗೆ ಸಿಕ್ಕಿಬೀಳುತ್ತದೆ.

ಎಲ್ಲ ಸರಿಯಾದ ಕಡತವೂ ಒಂದು ದಿನ ಇದ್ದಕ್ಕಿದ್ದಂತೆ ಕೆಡುವುದುಂಟು. ಯಾರೋ ಕೋಷ್ಟಕಕ್ಕೆ ಮುಂಚಿನ ಪುಟದಲ್ಲಿ ಖಾಲಿ ಸಾಲುಗಳನ್ನು ಅಳಿಸುತ್ತ ಹೋಗುತ್ತಾರೆ, ಒಂದು ಒತ್ತು ಹೆಚ್ಚಾಗುತ್ತದೆ, ಅಧ್ಯಕ್ಷರ ಮಾತಿನಿಂದ ಹಿಡಿದು ಎಲ್ಲವೂ ಅಡ್ಡ ಬೀಳುತ್ತದೆ. ಅಳಿಸಿದ್ದು ಕಣ್ಣಿಗೆ ಕಾಣದ ಸೆಕ್ಷನ್ ಬ್ರೇಕ್. ಬ್ರೇಕ್ ಹೋದರೆ ಹಿಂದಿನ ಉದ್ದ ಪುಟಗಳ ಗುಣ ಮುಂದಿನದಕ್ಕೆ ಬರಬೇಕಿತ್ತಲ್ಲ, ತಿರುಗುಮುರುಗಾಗಿ ಏಕಾಯಿತು ಎಂದು ಅನಿಸುವುದು ಸಹಜ. ಸೆಕ್ಷನ್ ಬ್ರೇಕ್ ಎಂದರೆ ಅರ್ಜಿಯ ಕೊನೆಯಲ್ಲಿ ಹಾಕುವ ಸಹಿಯ ಹಾಗೆ: ಅದು ಅನ್ವಯಿಸುವುದು ತನ್ನ ಮೇಲೆ ಬರೆದದ್ದಕ್ಕೆ, ಕೆಳಗಿನದಕ್ಕಲ್ಲ. ಮೊದಲ ಸೆಕ್ಷನ್ ಉದ್ದ ಪುಟ ಎಂಬ ಮಾಹಿತಿ ಅದರ ಕೊನೆಯ ಬ್ರೇಕ್‌ನಲ್ಲಿದೆ. ಆ ಬ್ರೇಕ್ ಅಳಿದರೆ ಮಾಹಿತಿಯೂ ಅಳಿಯಿತು. ಮೇಲಿನ ಪುಟಗಳೆಲ್ಲ ಮುಂದಿನ ಬ್ರೇಕ್‌ನ ವಶಕ್ಕೆ ಹೋಗುತ್ತವೆ, ಅದು ಹೇಳುವುದು ‘ಅಡ್ಡ’ ಎಂದು.

ಕೂಡಲೇ ಗೊತ್ತಾದರೆ Ctrl+Z ಸಾಕು. ಬೇಕೆಂದೇ ಅಡ್ಡ ಪುಟ ತೆಗೆಯುವುದಿದ್ದರೆ ಕ್ರಮ ಬೇರೆ. ಮೊದಲು ಕೋಷ್ಟಕದ ಸೆಕ್ಷನ್ ಒಳಗೆ ನಿಂತು Portrait ಮಾಡಿ, ಮೂರೂ ಸೆಕ್ಷನ್ ಒಂದೇ ದಿಕ್ಕಿಗೆ ಬಂದ ಮೇಲೆ ಬ್ರೇಕ್ ಅಳಿಸಿ. ಕಾಣದ ಬ್ರೇಕ್‌ಗಳನ್ನು ಕಾಣುವಂತೆ ಮಾಡಲು Home ಟ್ಯಾಬ್‌ನ ¶ ಗುಂಡಿ ಒತ್ತಬೇಕು, ಅಥವಾ Ctrl+Shift+8. ಜೋಡಿ ಚುಕ್ಕೆಗೆರೆಯ ನಡುವೆ Section Break (Next Page) ಎಂದು ಬರೆದದ್ದು ಕಾಣುತ್ತದೆ. ಕೆಳಗಿನ ಸ್ಟೇಟಸ್ ಬಾರ್ ಮೇಲೆ ರೈಟ್ ಕ್ಲಿಕ್ ಮಾಡಿ Section ಎಂಬುದಕ್ಕೆ ಗುರುತು ಹಾಕಿಟ್ಟರೆ ಕರ್ಸರ್ ಎಷ್ಟನೆಯ ಸೆಕ್ಷನ್‌ನಲ್ಲಿದೆ ಎಂದು ಸದಾ ತೋರಿಸುತ್ತಿರುತ್ತದೆ. ಇಂಥ ಕಡತ ತಿದ್ದುವಾಗ ಈ ಎರಡೂ ಚಾಲೂ ಇರಬೇಕು.

ಈ ಸಹಿಯ ನಿಯಮದಿಂದಲೇ ಹುಟ್ಟುವ ಇನ್ನೊಂದು ತಾಪತ್ರಯ: ಕಡತದ ಕೊನೆಯ ಸೆಕ್ಷನ್‌ಗೆ ಕೊನೆಯಲ್ಲಿ ಬ್ರೇಕ್ ಇರುವುದಿಲ್ಲ, ಅದರ ಮಾಹಿತಿ ಕಡತದ ಜೊತೆಗೇ ಇರುತ್ತದೆ. ಲೆಕ್ಕ ಬರೆಯುವವರು ಅಡ್ಡ ಪುಟದ ಕೋಷ್ಟಕವನ್ನು ಬೇರೆ ಫೈಲ್‌ನಲ್ಲಿ ಮಾಡಿ ಕಳಿಸಿದ್ದಾರೆ, ಕಾರ್ಯದರ್ಶಿ ಅದನ್ನು ಪೂರ್ತಿ ಕಾಪಿ ಮಾಡಿ ವರದಿಗೆ ಅಂಟಿಸುತ್ತಾರೆ. ಕೋಷ್ಟಕ ಬರುತ್ತದೆ, ಅಡ್ಡ ಪುಟ ಬರುವುದಿಲ್ಲ. ಅರ್ಧ ಕೋಷ್ಟಕ ಬಲ ಅಂಚಿನಾಚೆ ಮಾಯವಾಗಿರುತ್ತದೆ. ಕಳಿಸುವವರು ಕೋಷ್ಟಕದ ಕೆಳಗೆ ಒಂದು Next Page ಬ್ರೇಕ್ ಹಾಕಿ, ಅದನ್ನೂ ಸೇರಿಸಿ ಕಾಪಿ ಮಾಡುವಂತೆ ಹೇಳಿದರೆ ದಿಕ್ಕೂ ಜೊತೆಗೆ ಬರುತ್ತದೆ. ವರದಿಯಲ್ಲಿ ಅಂಟಿಸುವ ಜಾಗಕ್ಕೆ ಮುಂಚೆಯೂ ಒಂದು ಬ್ರೇಕ್ ಇರಲೇಬೇಕು. ಇಲ್ಲದಿದ್ದರೆ ಮೇಲಿನ ಪುಟಗಳೂ ಈ ಬ್ರೇಕ್‌ನ ವಶಕ್ಕೆ ಹೋಗುತ್ತವೆ.

ಕೋಷ್ಟಕದ ನಂತರ ಬೇಡದ ಖಾಲಿ ಪುಟ ಬರುವುದಕ್ಕೂ ಸಣ್ಣ ಕಾರಣಗಳಿವೆ. ಮುಂಚೆಯೇ ಹಾಕಿದ್ದ Ctrl+Enter ಪೇಜ್ ಬ್ರೇಕ್ ಹಾಗೇ ಉಳಿದು, ಅದರ ಮೇಲೆ ಸೆಕ್ಷನ್ ಬ್ರೇಕ್ ಬಂದಿದ್ದರೆ ಹಳೆಯದನ್ನು ಅಳಿಸಿ. ಅದಲ್ಲವಾದರೆ, ಕೋಷ್ಟಕ ಪುಟದ ಕೊನೆಯವರೆಗೆ ತುಂಬಿ ನಿಂತಿದೆ ಎಂದು ಅರ್ಥ. ಕೋಷ್ಟಕದ ಕೆಳಗೆ ಒಂದಾದರೂ ಪ್ಯಾರಾ ಇರಲೇಬೇಕು ಎಂಬುದು ವರ್ಡ್‌ನ ಕಟ್ಟಳೆ. ಜಾಗ ಸಾಲದೆ ಆ ಖಾಲಿ ಪ್ಯಾರಾ ಬ್ರೇಕನ್ನೂ ಹೊತ್ತು ಮುಂದಿನ ಪುಟಕ್ಕೆ ಹೋಗಿ ಕೂರುತ್ತದೆ. ಅದನ್ನು ಸೆಲೆಕ್ಟ್ ಮಾಡಿ ಅಕ್ಷರದ ಗಾತ್ರ 1 ಎಂದು ಕೊಟ್ಟು, ಹಿಂದೆ ಮುಂದಿನ ಅಂತರ ಸೊನ್ನೆ ಮಾಡಿದರೆ ಮೇಲಕ್ಕೆ ಸರಿದುಕೊಳ್ಳುತ್ತದೆ. ಅಕ್ಷರ ಕುಗ್ಗಿಸಬೇಕಾದ ಜಾಗ ಇದೊಂದೇ.

ಅಡ್ಡ ಪುಟಕ್ಕೂ ಮಿತಿ ಇದೆ. ಹದಿನಾಲ್ಕು ಕಾಲಂ ಕೂತವು, ಇಪ್ಪತ್ತೈದು ಕೂರುವುದಿಲ್ಲ. ಒಂದೇ ಪುಟದ ಅರ್ಧ ಉದ್ದ, ಅರ್ಧ ಅಡ್ಡ ಮಾಡಲೂ ಬರುವುದಿಲ್ಲ. ಬ್ರೇಕ್‌ಗಳಲ್ಲಿ Continuous ಎಂಬುದೊಂದಿದೆಯಲ್ಲ ಎಂದು ಅದನ್ನು ಹಾಕಿ ನೋಡಿದರೂ ದಿಕ್ಕು ಬೇರೆಯಾದ ಕೂಡಲೇ ಹೊಸ ಪುಟವೇ ಶುರುವಾಗುತ್ತದೆ. ಕೋಷ್ಟಕ ತೀರಾ ಅಗಲವಾದರೆ ಆ ಸೆಕ್ಷನ್‌ಗೆ ಮಾತ್ರ Layout ಒಳಗಿನ Size ನಿಂದ ಎ3 ಕೊಟ್ಟು ಮಡಿಸಿದ ಹಾಳೆಯಾಗಿ ಸೇರಿಸಬಹುದು, ಆ ಅಳತೆಯ ಪ್ರಿಂಟರ್ ಸಿಕ್ಕರೆ. ಹೆಚ್ಚಿನ ಸಲ ವರ್ಷವನ್ನು ಎರಡಾಗಿ ಒಡೆದು, ಏಪ್ರಿಲ್‌ನಿಂದ ಸೆಪ್ಟೆಂಬರ್ ಒಂದು ಕೋಷ್ಟಕ, ಅಕ್ಟೋಬರ್‌ನಿಂದ ಮಾರ್ಚ್ ಇನ್ನೊಂದು ಎಂದು ಮಾಡುವುದೇ ಜಾಣತನ. ಇನ್ನು ಐದಾರು ಕಾಲಂನ ಕೋಷ್ಟಕಕ್ಕೆ ಪುಟ ತಿರುಗಿಸುವವರನ್ನು ಕಂಡರೆ ಬೇಡ ಎನ್ನಿ. ಅಲ್ಲಿ ಅಂಚನ್ನು ಅರ್ಧ ಸೆಂಟಿಮೀಟರ್ ಕಡಿಮೆ ಮಾಡಿದರೆ ಕೆಲಸ ಮುಗಿಯುತ್ತದೆ, ಓದುವವರೂ ಪುಸ್ತಕ ತಿರುಗಿಸಬೇಕಿಲ್ಲ.

ಪ್ರತಿ ತೆಗೆಯುವ ಮುಂಚೆ ಕೋಷ್ಟಕದ ಭಾಗವನ್ನಷ್ಟೇ ಪ್ರಿಂಟ್ ಮಾಡಿ ನೋಡಿ. ಪ್ರಿಂಟ್ ಪುಟದ Pages ಚೌಕದಲ್ಲಿ ಹೀಗೆ ಬರೆದರೆ ಎರಡನೆಯ ಸೆಕ್ಷನ್ ಮಾತ್ರ ಬರುತ್ತದೆ:

```
s2
```

ಎರಡೂ ಬದಿ ಅಚ್ಚು ಹಾಕಿಸುವುದಾದರೆ ಕೋಷ್ಟಕದ ಹಿಂದುಮುಂದಿನ ಒಂದೊಂದು ಪುಟವನ್ನೂ ಸೇರಿಸಿ ತೆಗೆದು, ಹಾಳೆ ಮಗುಚಿದಾಗ ಅಡ್ಡ ಪುಟ ತಲೆಕೆಳಗಾಗಿಲ್ಲ ಎಂಬುದನ್ನು ಖಾತ್ರಿ ಮಾಡಿಕೊಳ್ಳಿ. ಅಂಗಡಿಗೆ ಕೊಡುವಾಗ ವರ್ಡ್ ಕಡತ ಕೊಡಬೇಡಿ, ಪಿಡಿಎಫ್ ಮಾಡಿ ಕೊಡಿ. ಅವರ ಕಂಪ್ಯೂಟರ್‌ನಲ್ಲಿ ನಿಮ್ಮ ಕನ್ನಡ ಫಾಂಟ್ ಇಲ್ಲದಿದ್ದರೆ ಸಾಲುಗಳ ಎತ್ತರ ಬದಲಾಗುತ್ತದೆ, ಮೂರು ಪುಟದ ಕೋಷ್ಟಕ ನಾಲ್ಕಾಗುತ್ತದೆ, ಪರಿವಿಡಿಯ ಪುಟಸಂಖ್ಯೆಗಳು ಸುಳ್ಳಾಗುತ್ತವೆ.